ಮೊದಲ ಹಂತ ಹಾಕಿಯಾಯಿತು, ಎರಡನೆಯದು ಯಾವಾಗ?

ಮೆತ್ತನೆ ಜೇಡಿಮಣ್ಣಿನ ಮೇಲೆ ಏರಿ ಕಟ್ಟುವಾಗ ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಕೇಳುವವರಿಗೆ ಬೇಕಾಗಿರುವುದು ದಿನಗಳ ಲೆಕ್ಕ. ಉತ್ತರ ಇರುವುದು ಒತ್ತಡ, ಬಲ ಅಳೆಯುವ ಕಿಲೋಪ್ಯಾಸ್ಕಲ್‌ನಲ್ಲಿ. ಈ ಎರಡರ ನಡುವೆ ಬೀಳುವ ಗೊಂದಲವನ್ನು ನಾನೇ ನೋಡಿಕೊಂಡ ಒಂದು ರಸ್ತೆ ಏರಿಯ ಕಥೆಯಲ್ಲಿ ಹೇಳುತ್ತೇನೆ.

ಏರಿ 5 ಮೀಟರ್ ಎತ್ತರ ಬರಬೇಕಿತ್ತು. ಕೆಳಗೆ 8 ಮೀಟರ್ ದಪ್ಪದ ಮೆತ್ತನೆ ಜೇಡಿ, ಅದರ ಕೆಳಗೆ ಮರಳು. ಅಂತರ್ಜಲ ನೆಲದ ಮಟ್ಟದಲ್ಲೇ ಇತ್ತು. ರೆಕ್ಕೆಗಳಿರುವ ಕಂಬಿಯನ್ನು ಮಣ್ಣಿಗಿಳಿಸಿ ತಿರುಗಿಸುವ ವೇನ್ ಪರೀಕ್ಷೆಯಲ್ಲಿ ಜೇಡಿಯ ಶಿಯರ್ ಬಲ, ಅಂದರೆ ಜಾರುವುದನ್ನು ತಡೆಯುವ ಶಕ್ತಿ, ಸುಮಾರು 12 ಕಿಲೋಪ್ಯಾಸ್ಕಲ್ ಬಂತು. ವೇನ್ ಕೊಡುವ ಅಂಕಿಯನ್ನು ಹಾಗೇ ಬಳಸುವಂತಿಲ್ಲ. ಅಂಟು ಜಾಸ್ತಿ ಇರುವ ಜೇಡಿಯಲ್ಲಿ ಅದು ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ನಾರ್ವೆಯ ಮಣ್ಣುತಜ್ಞ ಬ್ಯೆರುಮ್ 1970ರ ದಶಕದ ಆರಂಭದಲ್ಲಿ ಕುಸಿದ ಏರಿಗಳನ್ನು ಹಿಂದಿನಿಂದ ಲೆಕ್ಕ ಹಾಕಿ ಇದನ್ನು ತೋರಿಸಿದರು. ಅಂಟು ಎಷ್ಟು ಅಂತ ಹೇಳುವ ಅಂಕಿ ಪ್ಲಾಸ್ಟಿಸಿಟಿ ಇಂಡೆಕ್ಸ್, ನಮ್ಮ ಮಣ್ಣಿನದು ಸುಮಾರು 50. ಅದಕ್ಕೆ ಹೊಂದುವ ತಿದ್ದುಪಡಿ ಹಾಕಿದರೆ ಉಳಿದದ್ದು 10 ಕಿಲೋಪ್ಯಾಸ್ಕಲ್.

10 ಅಂದರೆ ಎಷ್ಟು ಎತ್ತರ ತಡೆಯುತ್ತದೆ? ಕೈಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ. ಬಲವನ್ನು 5.14ರಿಂದ ಗುಣಿಸಿದರೆ ನೆಲ ಒಡೆದುಹೋಗುವ ಭಾರ ಸಿಗುತ್ತದೆ, ಇಲ್ಲಿ 51 ಕಿಲೋಪ್ಯಾಸ್ಕಲ್. ಒತ್ತಿದ ಮಣ್ಣು ಒಂದು ಘನ ಮೀಟರ್‌ಗೆ 19 ಕಿಲೋನ್ಯೂಟನ್ ತೂಗಿದರೆ 2.7 ಮೀಟರ್ ಎತ್ತರಕ್ಕೆ ಏರಿ ಜಾರುತ್ತದೆ. ಸೇಫ್ಟಿ ಫ್ಯಾಕ್ಟರ್ 1.3, ಅಂದರೆ ಒಡೆಯುವ ಭಾರ ಹಾಕಿದ ಭಾರದ 1.3 ಪಟ್ಟು ಇರಲಿ ಅಂತ ಇಟ್ಟುಕೊಂಡರೆ 2 ಮೀಟರ್. ಬೇಕಾಗಿರುವುದು 5. ಒಂದೇ ಸಲಕ್ಕೆ ಆಗುವ ಮಾತಲ್ಲ.

ಆಗ ಹಂತ ಹಂತವಾಗಿ ಕಟ್ಟುವ ಯೋಚನೆ ಬರುತ್ತದೆ. 2 ಮೀಟರ್ ಹಾಕು, ಕಾಯಿ, ಜೇಡಿಯೊಳಗಿನ ನೀರು ಹಿಂಡಿಹೋಗಲಿ, ಗಟ್ಟಿಯಾದ ಮೇಲೆ ಮುಂದಿನದು ಹಾಕು. ಆದರೆ 8 ಮೀಟರ್ ಜೇಡಿ ಮೇಲಕ್ಕೂ ಕೆಳಕ್ಕೂ ನೀರು ಬಿಟ್ಟರೂ 80 ಶೇಕಡಾ ಹಿಂಡಿಹೋಗಲು ನಮ್ಮ ಲೆಕ್ಕದಲ್ಲಿ 6 ವರ್ಷ ಬೇಕಿತ್ತು. ಅದಕ್ಕೇ 1.2 ಮೀಟರ್ ಅಂತರದಲ್ಲಿ ಪಟ್ಟಿ ಡ್ರೇನ್‌ಗಳನ್ನು, ಅಂದರೆ ನೀರು ಹೊರಹೋಗಲು ನೆಟ್ಟಗೆ ಇಳಿಸುವ ಪಟ್ಟಿಗಳನ್ನು, ಮರಳಿನವರೆಗೂ ಇಳಿಸಿದೆವು. ಈಗ ನೀರು 4 ಮೀಟರ್ ಬದಲು ಅರ್ಧ ಮೀಟರ್ ಚಿಲ್ಲರೆ ದೂರ, ಅದೂ ಅಡ್ಡಕ್ಕೆ ಹರಿದರೆ ಸಾಕು. ಲೆಕ್ಕ ನಾಲ್ಕು ತಿಂಗಳ ಸುಮಾರಿಗೆ ಬಂತು. ಆ ನಾಲ್ಕು ತಿಂಗಳು ಕಾರ್ಯಯೋಜನೆಯ ಹಾಳೆಯಲ್ಲಿ ಕೂತುಬಿಟ್ಟಿತು.

ಈಗ ಬಲ ಎಷ್ಟು ಏರುತ್ತದೆ ಅನ್ನುವ ಪ್ರಶ್ನೆ. ಎಲ್ಲರಿಗೂ ಬಾಯಿಪಾಠ ಇರುವ ಅಂಕಿ 0.22. ಒತ್ತಡ ಏರಿದಷ್ಟನ್ನು 0.22ರಿಂದ ಗುಣಿಸಿದರೆ ಏರಿದ ಬಲ ಸಿಗುತ್ತದೆ ಅಂತ. 2 ಮೀಟರ್ ಮಣ್ಣಿನ ಭಾರ 38 ಕಿಲೋಪ್ಯಾಸ್ಕಲ್. ನೀರು ಹಿಂಡಿಹೋದ ಹಾಗೆ ಅದರಲ್ಲಿ 80 ಶೇಕಡಾ ನೀರಿನಿಂದ ಜೇಡಿಯ ಕಣಗಳ ಮೇಲೆ ಬಂದರೆ 30. ಅದಕ್ಕೆ 0.22 ಅಂದರೆ 6.6. ಹಳೆಯ 10ಕ್ಕೆ ಸೇರಿಸಿದರೆ 16.6. ಗುತ್ತಿಗೆದಾರರ ವಿನ್ಯಾಸಗಾರರು ಕಳಿಸಿದ ಹಾಳೆಯಲ್ಲಿ ಇದ್ದದ್ದು ಇದೇ.

ತಪ್ಪು ಎಲ್ಲಿದೆ ಅಂದರೆ, 0.22 ಅನ್ವಯಿಸುವುದು ಜೇಡಿ ಹಿಂದೆ ಕಂಡ ಅತಿ ಹೆಚ್ಚಿನ ಒತ್ತಡಕ್ಕೆ. ಪ್ರತಿ ಜೇಡಿಗೂ ಒಂದು ನೆನಪಿರುತ್ತದೆ. ಯಾವುದೋ ಕಾಲದಲ್ಲಿ ಅಂತರ್ಜಲ ಕೆಳಗಿತ್ತು, ಅಥವಾ ಸಾವಿರಾರು ವರ್ಷ ಸುಮ್ನೆ ಕೂತು ಕಣಗಳು ಒಂದಕ್ಕೊಂದು ಹೊಂದಿಕೊಂಡವು. ಅದರಿಂದ ಅದು ಈಗಿನ ಭಾರಕ್ಕಿಂತ ಸ್ವಲ್ಪ ಜಾಸ್ತಿ ಗಟ್ಟಿಯಾಗಿರುತ್ತದೆ. ನಮ್ಮ ಜೇಡಿಯ ಮಧ್ಯದಲ್ಲಿ ಈಗಿನ ಒತ್ತಡ 24 ಕಿಲೋಪ್ಯಾಸ್ಕಲ್. ಪ್ರಯೋಗಾಲಯದ ಒತ್ತು ಪರೀಕ್ಷೆ ತೋರಿಸಿದ ಹಳೆಯ ಒತ್ತಡ 45. 10ನ್ನು 0.22ರಿಂದ ಭಾಗಿಸಿ ನೋಡಿ, ಅದೇ 45 ಬರುತ್ತದೆ. ಅಂದರೆ ಈಗಿರುವ 10 ಆ 45ರ ಸಂಪಾದನೆ. ಒತ್ತಡ 24ರಿಂದ 45 ಮುಟ್ಟುವವರೆಗೆ ಜೇಡಿ ಹೊಸದಾಗಿ ಏನನ್ನೂ ಗಳಿಸುವುದಿಲ್ಲ. 24ಕ್ಕೆ 30 ಸೇರಿ 54 ಆದಾಗ ಬಲ 54ರ 0.22 ಪಾಲು, ಅಂದರೆ 12. ಹಾಳೆಯಲ್ಲಿದ್ದ 16.6 ಅಲ್ಲ.

ಎರಡೇ ಎರಡು ಕಿಲೋಪ್ಯಾಸ್ಕಲ್! ಇದರ ಮೇಲೆ ನೇರವಾಗಿ ಕಟ್ಟಿದರೆ ಎರಡನೇ ಹಂತ 2.5 ಮೀಟರ್‌ಗೆ ನಿಲ್ಲುತ್ತದೆ. 2 ಇದ್ದದ್ದು 2.5 ಆಯಿತು, ಅಷ್ಟೇ. ಬರ್ಮ್ ಬೇಕಾಗುವುದು ಇಲ್ಲಿ.

ಬರ್ಮ್ ಅಂದರೆ ಏರಿಯ ಬುಡಕ್ಕೆ ಒತ್ತಾಗಿ ಎರಡೂ ಕಡೆ ಕಟ್ಟುವ ತಗ್ಗಿನ ಮಣ್ಣಿನ ಜಗಲಿ. ಏರಿ ಜಾರುವಾಗ ಮಧ್ಯದ ಮಣ್ಣು ಕೆಳಗಿಳಿದು, ಪಕ್ಕದ ನೆಲ ಉಬ್ಬಿ ಮೇಲೇಳುತ್ತದೆ. ಉಬ್ಬುವ ಜಾಗದ ಮೇಲೆ ತೂಕ ಇಟ್ಟರೆ ಅದು ಏಳಲಾರದು. ಕೈಲೆಕ್ಕದಲ್ಲಿ ಹೇಳುವುದಾದರೆ ಜೇಡಿ ಹೊರಬೇಕಾದದ್ದು ಏರಿಯ ಪೂರ್ತಿ ಎತ್ತರವನ್ನಲ್ಲ, ಏರಿಗೂ ಬರ್ಮ್‌ಗೂ ಇರುವ ಎತ್ತರದ ವ್ಯತ್ಯಾಸವನ್ನು. ಹಾಗಂತ ಬರ್ಮ್ ಎತ್ತರ ಮಾಡುತ್ತಾ ಹೋಗುವಂತಿಲ್ಲ. ಅದೂ ಒಂದು ಏರಿಯೇ, 2 ಮೀಟರ್ ದಾಟಿದರೆ ಅದೇ ಜಾರುವ ಅಪಾಯ. ಅಗಲಕ್ಕೆ ಮಾತ್ರ ಕೈಲೆಕ್ಕ ಸಾಲದು, ಮಣ್ಣು ಯಾವ ಬಾಗಿದ ಗೆರೆಯಲ್ಲಿ ಜಾರಬಹುದು ಅಂತ ತೋರಿಸುವ ಜಾರುವ ವೃತ್ತಗಳನ್ನು ಹಾಕಿ ನೋಡಬೇಕು. ನಾವು 6 ಮೀಟರ್ ಇಟ್ಟಾಗ ವೃತ್ತ ಬರ್ಮ್‌ನ ಅಡಿಯಿಂದ ನುಸುಳಿ ಆಚೆ ಎದ್ದಿತು. 10 ಮೀಟರ್‌ಗೆ ತಡೆಯಿತು. 12 ಮಾಡಿದರೆ ಹೆಚ್ಚು ಲಾಭ ಕಾಣಲಿಲ್ಲ, 10ಕ್ಕೇ ನಿಲ್ಲಿಸಿದೆವು.

ಬರ್ಮನ್ನು ಮೊದಲ ಹಂತದ ಜೊತೆಗೇ ಹಾಕಬೇಕು. ಏರಿ ಮೇಲೆದ್ದ ಮೇಲೆ ನೋಡೋಣ ಅನ್ನುವವರಿದ್ದಾರೆ. ಜೊತೆಗೆ ಹಾಕಿದರೆ ಬರ್ಮ್‌ನ ಅಡಿಯ ಜೇಡಿಯೂ ಕಾಯುವ ಕಾಲದಲ್ಲಿ ಗಟ್ಟಿಯಾಗುತ್ತದೆ. ಜಾರುವ ವೃತ್ತ ಹಾದುಹೋಗುವುದು ಅಲ್ಲಿಂದಲೂ ಅಲ್ವಾ? ಹಾಗಾಗಿ ಡ್ರೇನ್‌ಗಳನ್ನೂ ಅಲ್ಲಿಯವರೆಗೆ ಹಾಕಿದ್ದೆವು. ಏರಿ, ಬರ್ಮ್ ಸೇರಿ ಇಡೀ ಅಗಲಕ್ಕೆ 2 ಮೀಟರ್ ಮಣ್ಣು ಬಿತ್ತು. ಎರಡನೇ ಹಂತ ಮಧ್ಯದಲ್ಲಿ 4.5 ಮೀಟರ್‌ಗೆ ಅಂತ ಇಟ್ಟೆವು. ವ್ಯತ್ಯಾಸ 2.5 ಮೀಟರ್. ಬಲ 12 ಆಗಿದ್ದರೆ ಸೇಫ್ಟಿ ಫ್ಯಾಕ್ಟರ್ ಸರಿಯಾಗಿ 1.3.

ಇನ್ನು ಕಾಯುವುದು. ಜೇಡಿಯ ಮಧ್ಯದ ಪೀಜೋಮೀಟರ್ ಮೊದಲ ದಿನ 38 ಕಿಲೋಪ್ಯಾಸ್ಕಲ್ ಹೆಚ್ಚುವರಿ ನೀರಿನೊತ್ತಡ ತೋರಿಸಿತು. 25ನೇ ದಿನಕ್ಕೆ ಅದು 17ಕ್ಕೆ ಇಳಿದಿತ್ತು. ಸೈಟ್ ಎಂಜಿನಿಯರ್ ಖುಷಿಯಿಂದ ಫೋನ್ ಮಾಡಿದರು. ‘ಸರ್, ಅರ್ಧಕ್ಕಿಂತ ಹೆಚ್ಚು ಹೋಗಿಬಿಟ್ಟಿದೆ. ಇದೇ ಲೆಕ್ಕದಲ್ಲಿ ಇನ್ನು 25 ದಿನಕ್ಕೆ 80 ಶೇಕಡಾ ಆಗುತ್ತೆ. ನಾಲ್ಕು ತಿಂಗಳು ಯಾಕೆ ಸರ್?’

50ನೇ ದಿನ ಪೀಜೋಮೀಟರ್ ನೋಡಿದರೆ 15. ಇಪ್ಪತ್ತೈದು ದಿನಕ್ಕೆ ಬರೀ ಎರಡು ಇಳಿದಿತ್ತು. ಮೀಟರ್ ಕೆಟ್ಟಿದೆ ಅಂದರು. ಪಕ್ಕದ್ದೂ ಅದೇ ತೋರಿಸುತ್ತಿತ್ತು.

ಕೆಟ್ಟಿದ್ದು ಏನೂ ಇಲ್ಲ. ಹಳೆಯ ಒತ್ತಡ ಮುಟ್ಟುವವರೆಗೆ ಜೇಡಿ ಬಿಗಿಯಾಗಿರುತ್ತದೆ, ಸ್ವಲ್ಪ ನೀರು ಬಿಟ್ಟರೂ ಒತ್ತಡ ಬೇಗ ಇಳಿಯುತ್ತದೆ. ನೆಲ ಅಷ್ಟರಲ್ಲಿ 6 ಸೆಂಟಿಮೀಟರ್ ಮಾತ್ರ ಕೂತಿತ್ತು. 45 ಮುಟ್ಟಿದ ಮೇಲೆ ಜೇಡಿ ಮೆತ್ತಗಾಗುತ್ತದೆ. ಒಂದೊಂದು ಕಿಲೋಪ್ಯಾಸ್ಕಲ್ ಇಳಿಯಲೂ ಹಿಂದಿಗಿಂತ ಎಷ್ಟೋ ಪಟ್ಟು ನೀರು ಹೊರಗೆ ಹೋಗಬೇಕು, ಡ್ರೇನ್ ಮಾತ್ರ ಅದೇ. 38ರಲ್ಲಿ 17 ಉಳಿದಾಗ ಕಣಗಳ ಮೇಲಿನ ಒತ್ತಡ ಎಷ್ಟಿತ್ತು ನೋಡಿ, 24ಕ್ಕೆ 21 ಸೇರಿ 45. ವೇಗ ಮುರಿದದ್ದು ಸರಿಯಾಗಿ ಅಲ್ಲೇ. ಆ ‘ಅರ್ಧಕ್ಕಿಂತ ಹೆಚ್ಚು’ ಅಷ್ಟೂ ಬಲ ಏರದ ಅರ್ಧ. 50ನೇ ದಿನ ಬಲ 10.3, ಎರಡನೇ ಹಂತ ಹಾಕಿದ್ದರೆ ಫ್ಯಾಕ್ಟರ್ 1.1. ಡ್ರೇನ್ ಇಳಿಸುವಾಗ ಕೊಳವೆಯ ಸುತ್ತ ಜೇಡಿ ಕಲಸಿಹೋಗಿ ನೀರಿನ ದಾರಿ ಸ್ವಲ್ಪ ಮುಚ್ಚಿದ್ದೂ ಸೇರಿತು ಅಂತ ನನ್ನ ಅಂದಾಜು. ಏಕೆಂದರೆ ಒತ್ತಡ 8ಕ್ಕೆ ಇಳಿಯಲು ಐದೂವರೆ ತಿಂಗಳು ಬೇಕಾಯಿತು. ಆ ಹೊತ್ತಿಗೆ ನೆಲ ಒಟ್ಟು 22 ಸೆಂಟಿಮೀಟರ್ ಕೂತಿತ್ತು. ಮತ್ತೆ ವೇನ್ ಹಾಕಿದೆವು, ತಿದ್ದಿದ ಮೇಲೆ 12. ಆಗ ಒಪ್ಪಿಗೆ ಕೊಟ್ಟೆ.

ಎರಡನೇ ಹಂತದಲ್ಲಿ ನಾನು ಹೆಚ್ಚು ನೋಡುವುದು ನೆಲ ಪಕ್ಕಕ್ಕೆ ಎಷ್ಟು ಜರುಗಿತು ಅಂತ ಅಳೆಯುವ, ಏರಿಯ ಬುಡದ ಇನ್‌ಕ್ಲಿನೋಮೀಟರನ್ನು. ನೆಲ ಕೆಳಕ್ಕೆ ಕೂರುವುದು ಸಹಜ, ಪಕ್ಕಕ್ಕೆ ಜರುಗುವುದು ಎಚ್ಚರಿಕೆ. ಪಕ್ಕದ ಜರುಗುವಿಕೆ ಇಳಿತದ ಸಣ್ಣ ಪಾಲಾಗಿದ್ದರೆ ನೆಮ್ಮದಿ. ಹೊಸ ಪದರ ಹಾಕಿದಾಗ ಎರಡೂ ಸಮಸಮ ಏರತೊಡಗಿದರೆ ಜೇಡಿ ನೀರು ಬಿಡುತ್ತಿಲ್ಲ, ಆಕಾರ ಬದಲಿಸುತ್ತಿದೆ ಅಂತ ಅರ್ಥ. ನಮ್ಮಲ್ಲಿ 4.2 ಮೀಟರ್ ಹೊತ್ತಿಗೆ ಹಾಗಾಯಿತು. ಎರಡು ವಾರ ನಿಲ್ಲಿಸಿದೆವು, ಜರುಗುವುದು ನಿಂತ ಮೇಲೆ ಮುಂದುವರಿಸಿದೆವು. ಏರಿಯ ತಲೆಯಲ್ಲಿ ಉದ್ದುದ್ದ ಬಿರುಕು ಕಂಡರೆ ಸುಮ್ಮನೆ ಕಾಯುವಂತಿಲ್ಲ, ಭಾರ ಇಳಿಸಬೇಕು. ಬಿರುಕಿಗೆ ಮಣ್ಣು ತುಂಬಿ ರೋಲರ್ ಓಡಿಸಬೇಡಿ. ಮೇಲಿನ ಒಂದು ಮೀಟರ್ ಮಣ್ಣು ತೆಗೆದು ಬರ್ಮ್‌ನ ಆಚೆ ಬದಿಗೆ ಹಾಕಿ, ಬರ್ಮ್ ಅಗಲವಾಗಲಿ.

ಕೊನೆಯ ಹಂತದಲ್ಲಿ ಇನ್ನೊಂದು ಲೆಕ್ಕ ತಪ್ಪುತ್ತದೆ. ನಮ್ಮ ನೆಲ ಒಟ್ಟು 90 ಸೆಂಟಿಮೀಟರ್ ಕೂರುವ ಅಂದಾಜಿತ್ತು. ಅಂದರೆ 5 ಮೀಟರ್ ಏರಿಗೆ 5.9 ಮೀಟರ್ ಮಣ್ಣು ಬೇಕು. ಇದು ಎಲ್ಲರಿಗೂ ನೆನಪಿರುತ್ತದೆ. ಬರ್ಮೂ 30 ಸೆಂಟಿಮೀಟರ್ ಕೂತಿರುತ್ತದೆ ಅನ್ನುವುದು ಮರೆತುಹೋಗುತ್ತದೆ. ಏರಿಯನ್ನು ಮಾತ್ರ ಮಟ್ಟಕ್ಕೆ ತಂದರೆ ವ್ಯತ್ಯಾಸ ಬೆಳೆದು ಫ್ಯಾಕ್ಟರ್ 1.3ರಿಂದ 1.2ಕ್ಕೆ ಇಳಿಯುತ್ತಿತ್ತು. ಮೊದಲು ಬರ್ಮ್ ತುಂಬಿಸಿ, ಆಮೇಲೆ ತಲೆ ಏರಿಸಿದೆವು.

ಅದೆಲ್ಲ ಆದ ಮೇಲೆ ಒಂದು ಬೆಳಿಗ್ಗೆ ಸೈಟಿಗೆ ಹೋದರೆ ಜೆಸಿಬಿ ಬರ್ಮ್‌ನ ಬುಡಕ್ಕೆ ಅಂಟಿಕೊಂಡೇ ಚರಂಡಿ ತೋಡುತ್ತಿತ್ತು. ಮಳೆನೀರಿಗೆ ಅಂತ ನಕ್ಷೆಯಲ್ಲಿ ಯಾರೋ ಗೆರೆ ಎಳೆದಿದ್ದರು. ಒಂದೂವರೆ ಮೀಟರ್ ಆಳ, ಮೂವತ್ತು ಮೀಟರ್ ಉದ್ದ ಆಗಿತ್ತು. ತೆಗೆದ ಮಣ್ಣನ್ನು ಅಲ್ಲೇ ನಿಂತು ವಾಪಸ್ ತುಂಬಿಸಿದೆ. ಚರಂಡಿಯ ಆಳವನ್ನು ಅರ್ಧ ಮೀಟರ್‌ಗೆ ಇಳಿಸಿ, ಬುಡದಿಂದ 8 ಮೀಟರ್ ಆಚೆಗೆ ಸರಿಸಿದೆವು.