ಹೊಸ ಹೆಲ್ಪರ್ ಬಂದ ದಿನ ಏನು ಹೇಳಿಕೊಡಬೇಕು?

ಅಡುಗೆಮನೆಗೆ ಹೊಸದಾಗಿ ಸೇರಿದ ಹೆಲ್ಪರ್‌ಗೆ ಒಂದು ಹಾಳೆ ಓದಿ ಹೇಳಿ, ಸಹಿ ಹಾಕಿಸಿಕೊಂಡು, ನೇರವಾಗಿ ಕೆಲಸಕ್ಕೆ ನಿಲ್ಲಿಸುವುದು ಎಲ್ಲ ಕಡೆ ನಡೆಯುತ್ತದೆ. ಅವನು ಎಲ್ಲದಕ್ಕೂ ತಲೆ ಆಡಿಸುತ್ತಾನೆ. ಹೊಸ ಜಾಗದಲ್ಲಿ ಯಾರು ತಾನೆ 'ಅರ್ಥವಾಗಲಿಲ್ಲ' ಅಂತಾರೆ? ಅದಕ್ಕೇ ನನ್ನ ಪಟ್ಟಿಯಲ್ಲಿ ಪ್ರತಿ ಸಾಲಿನ ಮುಂದೆ ಎರಡು ಖಾನೆ ಇರುತ್ತವೆ: 'ಹೇಳಿದೆ', 'ಮಾಡಿ ತೋರಿಸಿದ'. ಎರಡನೆಯದು ಖಾಲಿ ಇದ್ದರೆ ಆ ಕೆಲಸ ಅವನ ಕೈಗೆ ಹೋಗುವುದಿಲ್ಲ.

ಮೊದಲ ಗಂಟೆ ಅವನ ಮೈಗೆ ಪೆಟ್ಟಾಗದಂತೆ ನೋಡಿಕೊಳ್ಳುವುದಕ್ಕೆ. ಜಾರದ, ಮುಂಭಾಗ ಮುಚ್ಚಿರುವ ಶೂ ಇದೆಯೇ ನೋಡಿ. ಗ್ಯಾಸ್ ವಾಲ್ವ್ ಎಲ್ಲಿದೆ ಎಂದು ತೋರಿಸಿ, ಅವನ ಕೈಯಿಂದಲೇ ಒಮ್ಮೆ ಬಂದ್ ಮಾಡಿಸಿ. ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಒಣಗಿರಬೇಕು. ಒದ್ದೆ ಬಟ್ಟೆಯಲ್ಲಿ ಶಾಖ ಬೇಗ ದಾಟಿ ಕೈ ಸುಡುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಕೈಗೆ ಸಿಗುವಂತಿದ್ದರೆ ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಬೇಕು, ಇಲ್ಲದಿದ್ದರೆ ಕೂಗುತ್ತಾ ಹೊರಗೆ ಬರಬೇಕು. ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಬೇಕು. ಐಸ್, ಟೂತ್‌ಪೇಸ್ಟ್ ಬೇಡ.

ಎಲ್ಲರೂ ಮರೆಯುವುದು ಸಿಂಕಿನ ಚಾಕುವನ್ನು. ನೊರೆ ನೀರಿನಲ್ಲಿ ಮುಳುಗಿರುವ ಚಾಕು ಕಾಣುವುದಿಲ್ಲ, ಪಾತ್ರೆ ತೊಳೆಯಲು ಕೈ ಹಾಕಿದವನಿಗೆ ಕುಯ್ಯುತ್ತದೆ. ಹಾಗಾಗಿ ನಿಯಮ ಹೆಲ್ಪರ್‌ಗಿಂತ ಮೊದಲು ಅಡುಗೆಯವರಿಗೆ: ಬಳಸಿದ ಚಾಕುವನ್ನು ಸಿಂಕಿಗೆ ಹಾಕಬೇಡಿ, ಪಕ್ಕದ ಟ್ರೇಯಲ್ಲಿಡಿ. ಅದನ್ನು ಒಂದೊಂದಾಗಿ, ಹಿಡಿಯಿಂದ ಎತ್ತಿ ತೊಳೆಯಬೇಕು. ಸ್ಲೈಸರ್, ಎಣ್ಣೆ ಕಾಯುವ ಫ್ರೈಯರ್ ಮೊದಲ ದಿನ ಮುಟ್ಟುವಂತೆಯೇ ಇಲ್ಲ.

ಇನ್ನು ಕೈ ತೊಳೆಯುವ ವಿಚಾರ. 'ಸೋಪು ಹಾಕಿ 20 ಸೆಕೆಂಡ್ ಉಜ್ಜು' ಅಂದರೆ ಎಲ್ಲರೂ ಚೆನ್ನಾಗೇ ಉಜ್ಜುತ್ತಾರೆ. ಎಡವಟ್ಟಾಗುವುದು ಯಾವಾಗ ತೊಳೆಯಬೇಕು ಎನ್ನುವಲ್ಲಿ. ಅದನ್ನು ಮಾತಿನಲ್ಲಿ ಹೇಳುವ ಬದಲು ನಾನು ಒಂದು ಕೆಲಸ ಕೊಡುತ್ತೇನೆ: ಹಸಿ ಕೋಳಿಯನ್ನು ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿಡು, ಆಮೇಲೆ ಸಲಾಡ್‌ಗೆ ಸೌತೆಕಾಯಿ ಹೆಚ್ಚು. ಪಕ್ಕದಲ್ಲಿ ನಿಂತು ಸುಮ್ನೆ ನೋಡುತ್ತೇನೆ.

ಸಾಮಾನ್ಯವಾಗಿ ಆಗುವುದು ಹೀಗೆ. ಕೋಳಿಯನ್ನು ನಲ್ಲಿಯಡಿ ತೊಳೆಯಲು ಹೋಗುತ್ತಾನೆ. ಹನಿ ಸಿಡಿದು ಅಕ್ಕಪಕ್ಕದ ಪಾತ್ರೆಗೆಲ್ಲ ರೋಗಾಣು ತಲುಪುತ್ತದೆ. ಕೋಳಿಯನ್ನು ತೊಳೆಯುವ ಅಗತ್ಯವೇ ಇಲ್ಲ, ಪೂರ್ತಿ ಬೆಂದರೆ ಅವು ಸಾಯುತ್ತವೆ. ಆಮೇಲೆ ಅದೇ ಕೈಯಲ್ಲಿ ಫ್ರಿಜ್ ಬಾಗಿಲು ತೆಗೆಯುತ್ತಾನೆ, ಜಾಗ ಇದೆ ಅಂತ ಮೇಲಿನ ತಟ್ಟೆಯಲ್ಲಿ ಡಬ್ಬಿ ಇಡುತ್ತಾನೆ. ಅದರ ರಸ ಸೋರಿದರೆ ಕೆಳಗಿರುವ ತಿಂಡಿಯ ಮೇಲೆ ಬೀಳುತ್ತದೆ, ಆದ್ದರಿಂದ ಹಸಿ ಮಾಂಸದ ಜಾಗ ಯಾವಾಗಲೂ ತಳದಲ್ಲಿ. ಕೊನೆಗೆ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡು ಸೌತೆಕಾಯಿ ತೆಗೆದುಕೊಳ್ಳುತ್ತಾನೆ. ಸೌತೆಕಾಯಿ ಬೇಯುವುದಿಲ್ಲವಲ್ಲ, ಅಂಟಿದ್ದು ನೇರ ತಿನ್ನುವವರ ಹೊಟ್ಟೆಗೆ.

ಗ್ಲೌಸ್ ಹಾಕಿದ್ದರೂ ಇದೇ ಕಥೆ. ಗ್ಲೌಸ್ ಇದ್ದವರು ಜಾಸ್ತಿ ಮೈಮರೆಯುತ್ತಾರೆ ಅನ್ನುವುದು ನನ್ನ ಅನಿಸಿಕೆ.

ಅವನು ಸೌತೆಕಾಯಿ ಮುಟ್ಟುವ ಮೊದಲೇ ನಿಲ್ಲಿಸಿ, ಕೈ ಎಲ್ಲೆಲ್ಲಿ ಹೋಯಿತು ಎಂದು ಅವನಿಂದಲೇ ಹೇಳಿಸುತ್ತೇನೆ: ನಲ್ಲಿ, ಬಾಗಿಲ ಹಿಡಿ, ಏಪ್ರನ್. ಅಷ್ಟನ್ನೂ ಒರೆಸಿ, ಏಪ್ರನ್ ಬದಲಿಸಿ, ಕೈ ತೊಳೆದು ಪೇಪರ್‌ನಲ್ಲಿ ಒರೆಸಿ, ಅದೇ ಪೇಪರ್ ಹಿಡಿದು ನಲ್ಲಿ ನಿಲ್ಲಿಸುವುದು. ಬೇರೆ ಬೋರ್ಡ್, ಬೇರೆ ಚಾಕು. ಎರಡನೇ ಸಲ ಯಾರೂ ಹೇಳದೆ ಸರಿಯಾಗಿ ಮಾಡಿದರೆ ಟಿಕ್.

ಪಟ್ಟಿಯಲ್ಲಿ ಒಂದು ಸಾಲು ಮಾಲೀಕರಿಗೂ ಇದೆ. ವಾಂತಿ ಭೇದಿ ಆದವರು ಅದು ಪೂರ್ತಿ ನಿಂತ ಮೇಲೂ 48 ಗಂಟೆ ಅಡುಗೆಮನೆಗೆ ಬರಬಾರದು. ಆ ದಿನಗಳ ಕೂಲಿ ಕಡಿದರೆ ಯಾರೂ ನಿಜ ಹೇಳುವುದಿಲ್ಲ. ಕೂಲಿ ಸಿಗುತ್ತದೆಯೋ ಇಲ್ಲವೋ, ಮೊದಲ ದಿನವೇ ಸ್ಪಷ್ಟವಾಗಿ ಹೇಳಿಬಿಡಿ.

ಕ್ಲೀನಿಂಗ್ ದ್ರವಗಳ ಬಗ್ಗೆ ಒಂದೇ ಮಾತು: ಯಾವುದನ್ನೂ ಯಾವುದರ ಜೊತೆಯೂ ಬೆರೆಸಬಾರದು. ಬ್ಲೀಚ್‌ಗೆ ಆಸಿಡ್ ಇರುವ ಕ್ಲೀನರ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಅಕ್ಷರ ಓದಲು ಬಾರದವರಿಗೆ ಬಾಟಲಿಯ ಮೇಲೆ ಬಣ್ಣದ ಪಟ್ಟಿ ಅಂಟಿಸಿ.

ಇಷ್ಟಾದ ಮೇಲೆ ಕೆಲಸ. ಮೊದಲು ಪಾತ್ರೆ: ಎಂಜಲು ಕೆರೆದು, ಸೋಪಿನಲ್ಲಿ ತೊಳೆದು, ಜಾಲಿಸಿ, ಸ್ಯಾನಿಟೈಸರ್‌ನಲ್ಲಿ ಅದ್ದಿ, ಗಾಳಿಗೆ ಒಣಗಲು ಬಿಡುವುದು. ಬಟ್ಟೆಯಿಂದ ಒರೆಸಿದರೆ ಮತ್ತೆ ಕೊಳೆ. ಇದು ಕೈಗೆ ಹತ್ತಿದ ಮೇಲೆ ತರಕಾರಿ ತೊಳೆಯುವುದು, ಸಿಪ್ಪೆ ತೆಗೆಯುವುದು, ಆಮೇಲೆ ಹೆಚ್ಚುವುದು. ಮೂರನೇ ದಿನ, ಜನ ಜಾಸ್ತಿ ಇರುವ ಹೊತ್ತಿನಲ್ಲೇ, ಕೋಳಿ ಮತ್ತು ಸೌತೆಕಾಯಿ ಕೆಲಸವನ್ನು ಇನ್ನೊಮ್ಮೆ ಕೊಟ್ಟು ನೋಡಿ. ಅವಸರದಲ್ಲಿ ತಪ್ಪಿದರೆ ಹಳೆಯ ಟಿಕ್ ಹೊಡೆದುಹಾಕಿ, ಮತ್ತೆ ಮಾಡಿಸಿ.