30 ಹಾಸಿಗೆಯ ವಾರ್ಡಿಗೆ ಎಷ್ಟು ನರ್ಸ್ ಬೇಕು?

ಪ್ರಶ್ನೆ: ಮೇಡಂ, ನಮ್ಮದು ಉಡುಪಿಯ ಒಂದು ಖಾಸಗಿ ಆಸ್ಪತ್ರೆಯ 30 ಹಾಸಿಗೆಯ ಮೆಡಿಸಿನ್ ವಾರ್ಡ್. ಆರು ರೋಗಿಗಳಿಗೆ ಒಬ್ಬರು ಎಂಬ ಲೆಕ್ಕದಲ್ಲಿ ಪಾಳಿಗೆ ಐವರು, ಮೂರು ಪಾಳಿಗೆ ಹದಿನೈದು ಮಂದಿ ಸಾಕು ಎಂದು ಆಡಳಿತದವರು ಹೇಳುತ್ತಾರೆ. ಹದಿನೈದು ಮಂದಿ ಇದ್ದರೂ ನಮಗೆ ಕೆಲಸ ಮುಗಿಯುವುದಿಲ್ಲ. ಎಷ್ಟು ಜನರನ್ನು ಕೇಳಬೇಕು?

ಉತ್ತರ: ಮಂಗಳೂರಿನಲ್ಲಿ ಇಪ್ಪತ್ತೈದು ವರ್ಷ ವಾರ್ಡ್ ನೋಡಿಕೊಂಡವಳಿಗೆ ಈ ಪ್ರಶ್ನೆ ಹೊಸದಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯರೇ ಇನ್‌ಚಾರ್ಜ್ ಸಿಸ್ಟರ್ ಆದ ಕೂಡಲೇ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಆ ಆರರ ಭಾಗಾಕಾರ ಮಾತ್ರ ಸಾಯುವುದಿಲ್ಲ. ಅದಕ್ಕೇ ಈ ಸಲ ಬುಡದಿಂದ ಹೇಳುತ್ತೇನೆ.

ಆರಕ್ಕೆ ಒಂದು ಎಂಬ ಅನುಪಾತ ಎಲ್ಲಿಂದ ಬಂತು? ಎಸ್‌ಐಯು ಎಂದು ಎಲ್ಲರೂ ಕರೆಯುವ ಕೇಂದ್ರ ಸರ್ಕಾರದ ಸಿಬ್ಬಂದಿ ತಪಾಸಣಾ ಘಟಕದ ಮಾನದಂಡದಲ್ಲಿ ಸಾಮಾನ್ಯ ವಾರ್ಡಿಗೆ ಅದು ಇದೆ, ನಿಜ. ಆದರೆ ಅದೇ ಮಾನದಂಡ ಅಲ್ಲಿಗೆ ನಿಲ್ಲುವುದಿಲ್ಲ. ವಾರದ ರಜೆ, ಗಳಿಕೆ ರಜೆ, ಹೆರಿಗೆ ರಜೆ ಎಲ್ಲ ಸೇರಿ ವರ್ಷದ 365 ದಿನವೂ ವಾರ್ಡ್ ನಡೆಯಬೇಕಾದರೆ ಬರುವ ಸಂಖ್ಯೆಗೆ ಶೇಕಡಾ 45ರಷ್ಟು ಸೇರಿಸಿ ಎನ್ನುತ್ತದೆ. ಹದಿನೈದಕ್ಕೆ ಅಷ್ಟು ಸೇರಿಸಿದರೆ ಇಪ್ಪತ್ತೆರಡು. ಆಡಳಿತದವರು ಮೊದಲ ವಾಕ್ಯ ಓದಿ ಎರಡನೆಯದನ್ನು ಬಿಟ್ಟಿದ್ದಾರೆ.

ಬಿಟ್ಟದ್ದರ ಪರಿಣಾಮ ನಿಮ್ಮ ಡ್ಯೂಟಿ ಪಟ್ಟಿಯಲ್ಲೇ ಇದೆ. ಒಬ್ಬ ನರ್ಸ್‌ಗೆ ವರ್ಷದಲ್ಲಿ ವಾರದ ರಜೆ 52 ದಿನ. ಹಬ್ಬದ ರಜೆ ಹತ್ತು, ಸಾಂದರ್ಭಿಕ ರಜೆ ಹನ್ನೆರಡು, ಗಳಿಕೆ ರಜೆ ಹದಿನೈದು, ಅನಾರೋಗ್ಯಕ್ಕೂ ತರಬೇತಿಗೂ ಸೇರಿ ಆರು ಎಂದು ಇಟ್ಟುಕೊಳ್ಳಿ. ನಿಮ್ಮ ಆಸ್ಪತ್ರೆಯ ಸಂಖ್ಯೆ ಬೇರೆ ಇದ್ದರೆ ಅದನ್ನು ಹಾಕಿಕೊಳ್ಳಿ. ಒಟ್ಟು 95 ದಿನ ಕಳೆದು ಆಕೆ ಕೆಲಸಕ್ಕೆ ಸಿಗುವುದು 270 ದಿನ. ಹಾಗಾಗಿ ಹಾಜರಿ ಪುಸ್ತಕದಲ್ಲಿ ಹದಿನೈದು ಹೆಸರಿದ್ದರೂ ಯಾವುದೇ ಒಂದು ದಿನ ವಾರ್ಡಿನಲ್ಲಿ ಕಾಲಿಡುವವರು ಸರಾಸರಿ ಹನ್ನೊಂದು ಮಂದಿ. ಪಾಳಿಗೆ ನಾಲ್ವರು, ನಾಲ್ವರು, ಮೂವರು. ನೀವು ಐವರು ಎಂದುಕೊಂಡ ಪಾಳಿಯಲ್ಲಿ ಐವರು ಯಾವತ್ತೂ ಇರಲಿಲ್ಲ.

ಇದು ತಪ್ಪಿನ ಚಿಕ್ಕ ಭಾಗ. ದೊಡ್ಡ ಭಾಗವೆಂದರೆ ಹಾಸಿಗೆಯನ್ನು ಎಣಿಸುವುದೇ. ನರ್ಸ್ ನೋಡಿಕೊಳ್ಳುವುದು ರೋಗಿಯನ್ನು, ಹಾಸಿಗೆಯನ್ನಲ್ಲ. ಒಂದೇ ಅಳತೆಯ ಎರಡು ಹಾಸಿಗೆಗಳಲ್ಲಿ ಮಲಗಿರುವ ಇಬ್ಬರ ಕೆಲಸ ಒಂದಕ್ಕೆ ಮೂರರಷ್ಟು ವ್ಯತ್ಯಾಸವಾಗಬಹುದು. ಸಕ್ಕರೆ ಕಾಯಿಲೆ ಹತೋಟಿಗೆ ಬಂದು ನಾಳೆ ಮನೆಗೆ ಹೊರಟವರು ತಾವೇ ಸ್ನಾನ ಮಾಡುತ್ತಾರೆ, ತಾವೇ ಗಂಜಿ ಉಣ್ಣುತ್ತಾರೆ. ಪಕ್ಕದಲ್ಲಿ ಇಲಿಜ್ವರದಿಂದ ಮೂತ್ರಪಿಂಡಕ್ಕೆ ತೊಂದರೆಯಾದ ಗದ್ದೆ ಕೆಲಸದವರೊಬ್ಬರು ಇದ್ದರೆ ಗಂಟೆಗೊಮ್ಮೆ ಮೂತ್ರದ ಚೀಲ ನೋಡಿ ಮಿಲಿಲೀಟರ್ ಬರೆಯಬೇಕು, ಡ್ರಿಪ್ಪಿನ ವೇಗ ಅದಕ್ಕೆ ತಕ್ಕಂತೆ ತಿದ್ದಬೇಕು, ಬಿಪಿ ನೋಡಬೇಕು, ಮಗ್ಗುಲು ತಿರುಗಿಸಬೇಕು.

ನಾನು ಮಾಡಿಸುತ್ತಿದ್ದ ಕ್ರಮ ಇದು. ದಿನವೂ ಒಂದೇ ಹೊತ್ತಿಗೆ, ಬೆಳಗಿನ ರೌಂಡ್ಸ್ ಮುಗಿದ ಮೇಲೆ, ಇನ್‌ಚಾರ್ಜ್ ಸಿಸ್ಟರ್ ಪ್ರತಿ ರೋಗಿಯನ್ನೂ ಮೂರರಲ್ಲಿ ಒಂದು ಗುಂಪಿಗೆ ಹಾಕಬೇಕು: ತನ್ನ ಕೆಲಸ ತಾನೇ ಮಾಡಿಕೊಳ್ಳುವವರು, ಸ್ವಲ್ಪ ಸಹಾಯ ಬೇಕಾದವರು, ಪೂರ್ತಿ ನಮ್ಮ ಮೇಲೆಯೇ ಇರುವವರು. ನಮ್ಮ ಮೆಡಿಸಿನ್ ವಾರ್ಡಿನಲ್ಲಿ ಗಡಿಯಾರ ಹಿಡಿದು ನೋಡಿದಾಗ ಈ ಮೂರು ಗುಂಪಿಗೆ 24 ಗಂಟೆಯಲ್ಲಿ ತಲಾ ಸುಮಾರು ಎರಡು, ನಾಲ್ಕು ಮತ್ತು ಆರು ಗಂಟೆಯ ಶುಶ್ರೂಷೆ ಬೇಕಾಗುತ್ತಿತ್ತು. ಶಸ್ತ್ರಚಿಕಿತ್ಸೆಯ ವಾರ್ಡಿಗೆ, ಮಕ್ಕಳ ವಾರ್ಡಿಗೆ ಈ ಅಂಕಿಗಳನ್ನು ಹಾಗೆಯೇ ಎತ್ತಿಡಬೇಡಿ, ಅಲ್ಲಲ್ಲಿಯೇ ಅಳೆಯಿರಿ.

ಮಾರ್ಚ್ ತಿಂಗಳ ಒಂದು ಸಾಧಾರಣ ದಿನವನ್ನು ತೆಗೆದುಕೊಳ್ಳೋಣ. 30 ಹಾಸಿಗೆಯಲ್ಲಿ 26 ರೋಗಿಗಳು. ಹನ್ನೆರಡು ಮಂದಿ ಮೊದಲ ಗುಂಪು, ಹತ್ತು ಮಂದಿ ಎರಡನೆಯದು, ನಾಲ್ವರು ಮೂರನೆಯದು. ಕ್ರಮವಾಗಿ 24, 40, 24, ಒಟ್ಟು 88 ಗಂಟೆ. ಅದರ ಮೇಲೆ ಆ ದಿನ ನಾಲ್ವರು ದಾಖಲಾದರು, ನಾಲ್ವರು ಬಿಡುಗಡೆಯಾದರು. ರಾತ್ರಿ ಹನ್ನೆರಡಕ್ಕೆ ತಲೆ ಎಣಿಸುವವರಿಗೆ ಇದು ಕಾಣುವುದೇ ಇಲ್ಲ, ಅವರ ಲೆಕ್ಕದಲ್ಲಿ ನಿನ್ನೆಯೂ 26, ಇವತ್ತೂ 26. ದಾಖಲಾತಿಗೆ ಒಂದು ಗಂಟೆ, ಬಿಡುಗಡೆಗೆ ಅರ್ಧ ಗಂಟೆ ಹಿಡಿದರೆ ಇನ್ನಾರು ಗಂಟೆ. ಅಲ್ಲಿಗೆ 94.

ಎಂಟು ಗಂಟೆಯ ಪಾಳಿಯಲ್ಲಿ ಪಾಳಿ ಒಪ್ಪಿಸುವುದು, ಊಟ, ಚಹಾ, ಔಷಧದ ಇಂಡೆಂಟ್ ಎಲ್ಲ ಕಳೆದು ಒಬ್ಬ ನರ್ಸ್ ರೋಗಿಗೆ ಕೊಡಬಲ್ಲದ್ದು ಆರೂವರೆ ಗಂಟೆ. 94ನ್ನು ಆರೂವರೆಯಿಂದ ಭಾಗಿಸಿದರೆ ದಿನಕ್ಕೆ ಹದಿನೈದು ಮಂದಿ ಹಾಜರಿರಬೇಕು. ಹಾಜರಿ ಹದಿನೈದು ಬೇಕಾದರೆ ನೇಮಕ 365ನ್ನು 270ರಿಂದ ಭಾಗಿಸಿದಷ್ಟು ಪಟ್ಟು, ಅಂದರೆ 1.35 ಪಟ್ಟು ಇರಬೇಕು: ಇಪ್ಪತ್ತೊಂದು. ಇನ್‌ಚಾರ್ಜ್ ಸಿಸ್ಟರ್ ಈ ಲೆಕ್ಕದ ಹೊರಗೆ.

ನೋಡಿ, ಪೂರ್ತಿ ಓದಿದ ಎಸ್‌ಐಯು ಲೆಕ್ಕದಲ್ಲಿ ಇಪ್ಪತ್ತೆರಡು ಬಂತು, ನಮ್ಮ ಲೆಕ್ಕದಲ್ಲಿ ಇಪ್ಪತ್ತೊಂದು. ಹಾಗಾದರೆ ಇಷ್ಟು ಕಷ್ಟಪಟ್ಟು ಗುಂಪು ಮಾಡುವುದು ಯಾಕೆ ಎಂದು ತರಗತಿಯಲ್ಲಿ ಯಾರಾದರೂ ಕೇಳಿದರೆ ನನಗೆ ಸಂತೋಷವಾಗುತ್ತದೆ. ಕಾರಣ ಎರಡಿವೆ.

ಒಂದು, ಅನುಪಾತ ಮೂರು ಪಾಳಿಗೂ ಐವರನ್ನೇ ಕೊಡುತ್ತದೆ. ಕೆಲಸ ಹಾಗೆ ಹರಡಿರುವುದಿಲ್ಲ. ನಮ್ಮಲ್ಲಿ ಸುಮಾರು ಶೇಕಡಾ 45 ಬೆಳಗಿನ ಪಾಳಿಯಲ್ಲೇ ಬೀಳುತ್ತಿತ್ತು. ಎಂಟು ಗಂಟೆಯ ಆ್ಯಂಟಿಬಯೋಟಿಕ್ ಒಂದನ್ನೇ ನೋಡಿ. ಬಾಟಲಿಯ ಪುಡಿಯನ್ನು ಕರಗಿಸಬೇಕು, ನೂರು ಮಿಲಿಲೀಟರ್ ಸಲೈನ್‌ಗೆ ಸೇರಿಸಬೇಕು, ರೋಗಿಯ ಹೆಸರು ಕೇಳಿ ಪಟ್ಟಿಯೊಂದಿಗೆ ತಾಳೆ ನೋಡಬೇಕು, ಕೈಯ ಕ್ಯಾನ್ಯುಲಾ ಊದಿಕೊಂಡಿದೆಯೇ ಎಂದು ಮುಟ್ಟಿ ನೋಡಬೇಕು, ಹಚ್ಚಬೇಕು, ಮುಗಿದ ಮೇಲೆ ತೊಳೆಯಬೇಕು, ಸಹಿ ಮಾಡಬೇಕು. ನೆಟ್ಟಗೆ ಮಾಡಿದರೆ ಹತ್ತು ನಿಮಿಷ. ಹದಿನಾಲ್ಕು ರೋಗಿಗಳಿಗಿದ್ದರೆ 140 ನಿಮಿಷ. ಅದೇ ಹೊತ್ತಿಗೆ ಇನ್ಸುಲಿನ್, ರಕ್ತದ ಮಾದರಿ, ಡಾಕ್ಟರ ರೌಂಡ್ಸ್. ಆದ್ದರಿಂದ ಹದಿನೈದನ್ನು ಏಳು, ಐದು, ಮೂರು ಎಂದು ಹಂಚಬೇಕು. ರಾತ್ರಿಗೆ ಮೂವರು ಸ್ವಲ್ಪ ಬಿಗಿಯೇ. ಇಬ್ಬರಿಗೆ ಇಳಿಸಲು ನಾನು ಒಪ್ಪುವುದಿಲ್ಲ: ಒಬ್ಬರ ಹೃದಯ ನಿಂತರೆ ಇಬ್ಬರೂ ಆ ಹಾಸಿಗೆಯ ಬಳಿ ಇರುತ್ತಾರೆ, ಉಳಿದ 25 ಮಂದಿಗೆ ಯಾರೂ ಇರುವುದಿಲ್ಲ.

ಎರಡನೆಯ ಕಾರಣ ನಮ್ಮ ಮಳೆಗಾಲ. ಜುಲೈ ಬಂತೆಂದರೆ ಕರಾವಳಿಯ ಮೆಡಿಸಿನ್ ವಾರ್ಡ್ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮಲೇರಿಯಾ, ಡೆಂಗಿ, ಇಲಿಜ್ವರ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಮನೆಯವರು ಜ್ವರ ಬಿಟ್ಟಿತು ಎಂದು ನಿಟ್ಟುಸಿರು ಬಿಡುವಾಗಲೇ ನಾವು ನಾಡಿ, ಬಿಪಿಯನ್ನು ಇನ್ನಷ್ಟು ಬೇಗಬೇಗನೆ ನೋಡಬೇಕು. ಅಂಥ ದಿನ 30 ಹಾಸಿಗೆಯೂ ಭರ್ತಿ, ಮೊದಲ ಗುಂಪಿನಲ್ಲಿ ಆರು, ಎರಡನೆಯದರಲ್ಲಿ ಹದಿಮೂರು, ಮೂರನೆಯದರಲ್ಲಿ ಹನ್ನೊಂದು ಮಂದಿ. ಆರು ದಾಖಲಾತಿ, ಆರು ಬಿಡುಗಡೆ. ಕೂಡಿಸಿದರೆ 139 ಗಂಟೆ, ಹಾಜರಿ ಬೇಕಾದದ್ದು ಇಪ್ಪತ್ತೆರಡು ಮಂದಿ. ರೋಗಿಗಳು ಹೆಚ್ಚಿದ್ದು ನಾಲ್ವರು ಮಾತ್ರ, ಕೆಲಸ ಹೆಚ್ಚಿದ್ದು ಅರ್ಧದಷ್ಟು. ಹಾಸಿಗೆ ಎಣಿಸುವವರ ಕಣ್ಣಿಗೆ ಇದು ಬೀಳುವ ದಾರಿಯೇ ಇಲ್ಲ.

ಹಾಗೆಂದು ವರ್ಷವಿಡೀ ಮಳೆಗಾಲದ ಸಂಖ್ಯೆಗೆ ನೇಮಕ ಕೇಳಬೇಡಿ. ಯಾರೂ ಕೊಡುವುದಿಲ್ಲ, ಜನವರಿಯಲ್ಲಿ ಅಷ್ಟು ಜನರಿಗೆ ಕೆಲಸವೂ ಇರುವುದಿಲ್ಲ. ಇಪ್ಪತ್ತೊಂದು ಕೇಳಿ. ಗಳಿಕೆ ರಜೆಯನ್ನು ಕ್ರಿಸ್ಮಸ್‌ನಿಂದ ಮೇ ತಿಂಗಳವರೆಗೆ ಸರದಿಯಲ್ಲಿ ಕೊಟ್ಟು ಮುಗಿಸಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಎಲ್ಲ ವಾರ್ಡುಗಳಿಗೂ ಸಲ್ಲುವ ಮೀಸಲು ತಂಡದಿಂದ ಜನ ಬೇಕೆಂದು ಏಪ್ರಿಲ್‌ನಲ್ಲೇ ಬರೆದು ಕೊಡಿ. ಆ ತಂಡದವರು ಮೆಡಿಸಿನ್ ವಾರ್ಡಿನಲ್ಲಿ ಮೊದಲೇ ಒಂದು ವಾರ ಕೆಲಸ ಮಾಡಿರಬೇಕು, ಇಲ್ಲದಿದ್ದರೆ ಸಿರಿಂಜ್ ಎಲ್ಲಿದೆ ಎಂದು ಹೇಳಿಕೊಡುವುದೇ ನಿಮಗೆ ಕೆಲಸವಾಗುತ್ತದೆ.

ಜನ ಕಡಿಮೆ ಎಂದು ಆಡಳಿತಕ್ಕೆ ತೋರಿಸುವುದು ಹೇಗೆ? ದೂರು ಬೇಡ, ಕೇಸ್‌ಶೀಟ್ ತೆರೆಯಿರಿ. ನಾನು ಮೊದಲು ನೋಡುತ್ತಿದ್ದದ್ದು ಉಸಿರಾಟದ ಕಾಲಂ. ಇಡೀ ವಾರ್ಡಿನವರು ನಿಮಿಷಕ್ಕೆ ಇಪ್ಪತ್ತೇ ಸಲ ಉಸಿರಾಡುತ್ತಿದ್ದಾರೆ ಎಂದು ಬರೆದಿದ್ದರೆ ಯಾರೂ ಎಣಿಸಿಲ್ಲ, ಎಣಿಸಲು ಪುರುಸೊತ್ತು ಸಿಕ್ಕಿಲ್ಲ. ಮೂತ್ರದ ಪ್ರಮಾಣ ಪಾಳಿಯ ಕೊನೆಯಲ್ಲಿ ಒಂದೇ ಶಾಯಿಯಲ್ಲಿ ಐವತ್ತು, ನೂರು, ಐವತ್ತು ಎಂದು ಇಳಿದಿದ್ದರೆ ಅದೂ ಅದೇ ಕಥೆ. ಅಂಥ ಹಾಳೆ ಕಂಡಾಗ ಹುಡುಗಿಯರನ್ನು ಬೈಯುವುದು ಅನ್ಯಾಯ. ಎರಡು ವಾರದ ಗುಂಪಿನ ಲೆಕ್ಕವನ್ನು ಈ ಹಾಳೆಗಳ ಜೊತೆಗಿಟ್ಟು ಕೊಡಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಈ ಪತ್ರ ಕೊಟ್ಟಾಗ ನಿಮಗೆ ಬರುವ ಉತ್ತರ ಅದೇ: "ನರ್ಸಿಂಗ್ ವಿದ್ಯಾರ್ಥಿಗಳಿದ್ದಾರಲ್ಲ?" ಮಂಗಳೂರು, ಉಡುಪಿಯಲ್ಲಿ ನರ್ಸಿಂಗ್ ಕಾಲೇಜಿಗೆ ಕೊರತೆಯಿಲ್ಲ, ಬೆಳಿಗ್ಗೆ ವಾರ್ಡ್ ತುಂಬ ಸಮವಸ್ತ್ರ ಕಾಣುತ್ತದೆ. ಆದರೆ ಅವರನ್ನು ಸೊನ್ನೆ ಎಂದೇ ಎಣಿಸಬೇಕು. ಎರಡನೆಯ ವರ್ಷದ ಹುಡುಗಿ ಇಂಜೆಕ್ಷನ್ ಕೊಡುವಾಗ ಪಕ್ಕದಲ್ಲಿ ಒಬ್ಬ ಸಿಸ್ಟರ್ ನಿಂತಿರಬೇಕು, ಹತ್ತು ನಿಮಿಷದ ಕೆಲಸ ಇಪ್ಪತ್ತಾಗುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡವೂ ಬೋಧನಾ ಆಸ್ಪತ್ರೆಗೆ ಮೂರು ರೋಗಿಗಳಿಗೆ ಒಬ್ಬ ನರ್ಸ್ ಎನ್ನುತ್ತದೆ, ಸಾಮಾನ್ಯ ಆಸ್ಪತ್ರೆಗೆ ಐವರಿಗೆ ಒಬ್ಬರು. ಕಲಿಯುವವರು ಇರುವ ಕಡೆ ನರ್ಸ್ ಹೆಚ್ಚು ಬೇಕು. ಪರೀಕ್ಷೆ ಬಂದಾಗ ಆ ಸಮವಸ್ತ್ರಗಳೆಲ್ಲ ಒಂದೇ ದಿನ ಮಾಯವಾಗುತ್ತವೆ, ಆಗಲೂ ಎಂಟು ಗಂಟೆಗೆ ಹದಿನಾಲ್ಕು ಆ್ಯಂಟಿಬಯೋಟಿಕ್ ಹಚ್ಚಬೇಕಾಗಿರುತ್ತದೆ.