ಮೇಲಿನ ಚೌಕದಲ್ಲಿರುವವರೆಲ್ಲ ಮೇಲಧಿಕಾರಿಗಳಲ್ಲ

ಮಾಹಿತಿ ಹಕ್ಕು ಅಧಿನಿಯಮ, 2005ರ ಕಲಂ 4(1)(ಬಿ) ಪ್ರಕಾರ ಪ್ರತಿಯೊಂದು ಸರ್ಕಾರಿ ಕಚೇರಿಯೂ ತನ್ನ ರಚನೆಯನ್ನು, ಅಧಿಕಾರಿಗಳ ಅಧಿಕಾರ ಮತ್ತು ಕರ್ತವ್ಯಗಳನ್ನು, ಮೇಲ್ವಿಚಾರಣೆ ಹಾಗೂ ಹೊಣೆಗಾರಿಕೆ ಯಾವ ಮಾರ್ಗದಲ್ಲಿ ಸಾಗುತ್ತದೆ ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಹೆಚ್ಚಿನ ಕಚೇರಿಗಳು ಇದಕ್ಕಾಗಿ ಒಂದು ಚಾರ್ಟ್ ಬರೆಸಿ, ಅದನ್ನು ಚಿತ್ರವಾಗಿ ಅಂಟಿಸಿ ಕೆಲಸ ಮುಗಿಯಿತೆಂದುಕೊಳ್ಳುತ್ತವೆ. ಕಡತ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವಾಗ ಆ ಚಿತ್ರ ಕಳಚಿಹೋಗಿ, ‘ಆಡಳಿತ ರಚನೆ’ ಎಂಬ ಶೀರ್ಷಿಕೆಯಷ್ಟೇ ಉಳಿಯುವುದುಂಟು. ಚಿತ್ರ ಉಳಿದರೂ, ಪರದೆಯ ಮೇಲಿನ ಬರಹವನ್ನು ದನಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಮೂಲಕ ಓದುವ ದೃಷ್ಟಿದೋಷವುಳ್ಳವರಿಗೆ ಅದು ಇದ್ದೂ ಇಲ್ಲದಂತೆಯೇ. ಇಂತಹ ಚಾರ್ಟ್‌ಗಳಿಗೆ ಪಠ್ಯರೂಪದ ವಿವರಣೆ ಬರೆಯುವುದು, ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ವೃತ್ತಿ.

ತಿದ್ದಲು ಬರುವ ಕರಡುಗಳಲ್ಲಿ ಒಂದೇ ದೋಷ ಮತ್ತೆ ಮತ್ತೆ ಕಾಣುತ್ತದೆ. ಇತ್ತೀಚೆಗೆ ಒಂದು ಜಿಲ್ಲೆಯ ಕಂದಾಯ ಆಡಳಿತದ ಚಾರ್ಟ್‌ಗೆ ಬಂದ ಕರಡು ಹೀಗಿತ್ತು: ‘ಎಲ್ಲಕ್ಕಿಂತ ಮೇಲೆ ಜಿಲ್ಲಾಧಿಕಾರಿ. ಅದರ ಕೆಳಗೆ ಅಪರ ಜಿಲ್ಲಾಧಿಕಾರಿ, ಭೂದಾಖಲೆಗಳ ಉಪನಿರ್ದೇಶಕರು. ಅದರ ಕೆಳಗೆ ನೀಲಿ ಬಣ್ಣದ ಎರಡು ಚೌಕಗಳಲ್ಲಿ ಉಪವಿಭಾಗಾಧಿಕಾರಿಗಳು. ಅದರ ಕೆಳಗೆ ತಹಶೀಲ್ದಾರರು, ಭೂದಾಖಲೆಗಳ ಸಹಾಯಕ ನಿರ್ದೇಶಕರು. ಅದರ ಕೆಳಗೆ ಕಂದಾಯ ನಿರೀಕ್ಷಕರು, ಭೂಮಾಪಕರು. ಅದರ ಕೆಳಗೆ ಗ್ರಾಮ ಆಡಳಿತ ಅಧಿಕಾರಿಗಳು.’ ಹುದ್ದೆ ಒಂದೂ ಬಿಟ್ಟುಹೋಗಿಲ್ಲ, ಕ್ರಮವೂ ಚಿತ್ರದಲ್ಲಿದ್ದಂತೆಯೇ ಇದೆ. ಆದರೂ ಇದನ್ನು ಕೇಳಿದವರಿಗೆ ಭೂಮಾಪಕರು ಯಾರ ಅಧೀನದಲ್ಲಿದ್ದಾರೆ ಎಂಬುದು ತಿಳಿಯುವುದಿಲ್ಲ. ಅದಕ್ಕಿಂತ ಕೆಟ್ಟದೆಂದರೆ, ಅವರು ತಹಶೀಲ್ದಾರರ ಅಧೀನದಲ್ಲಿದ್ದಾರೆಂದು ತಿಳಿದುಕೊಳ್ಳುವುದೇ ಸಹಜ. ‘ಕೆಳಗೆ’ ಎಂಬುದು ಕಾಗದದ ಮೇಲಿನ ಸ್ಥಾನವನ್ನು ಹೇಳುತ್ತದೆ. ಯಾರು ಯಾರಿಗೆ ಉತ್ತರ ಕೊಡಬೇಕು ಎಂಬುದನ್ನು ಹೇಳುವುದು ಗೆರೆ. ಚೌಕಗಳನ್ನೆಲ್ಲ ಬರೆದು ಗೆರೆಗಳನ್ನು ಬಿಟ್ಟ ಆ ಕರಡಿನಲ್ಲಿ ಉಳಿದಿದ್ದು ಹುದ್ದೆಗಳ ಪಟ್ಟಿ ಮಾತ್ರ.

ಆ ಚಾರ್ಟ್‌ನ ಗೆರೆಗಳನ್ನು ಬೆರಳಿಟ್ಟು ಹಿಂಬಾಲಿಸಿದರೆ ಎರಡು ಸಂಗತಿಗಳು ಕಾಣುತ್ತವೆ. ಅಪರ ಜಿಲ್ಲಾಧಿಕಾರಿಯ ಚೌಕ ಉಪವಿಭಾಗಾಧಿಕಾರಿಗಳ ಚೌಕಗಳಿಗಿಂತ ಮೇಲಿದೆ, ಆದರೆ ಉಪವಿಭಾಗಾಧಿಕಾರಿಗಳಿಂದ ಹೊರಟ ಗೆರೆ ಆ ಚೌಕವನ್ನು ಮುಟ್ಟದೆ ಪಕ್ಕದಿಂದ ಹಾದು ನೇರವಾಗಿ ಜಿಲ್ಲಾಧಿಕಾರಿಗೆ ಸೇರುತ್ತದೆ. ಕಾಗದದ ಅಗಲ ಸಾಲದೆ ಚೌಕವನ್ನು ನಡುವೆ ತುರುಕಿದ್ದರಿಂದ ಹೀಗಾಗಿದೆ. ಎರಡನೆಯದು ಭೂಮಾಪನ ಶಾಖೆ. ಭೂದಾಖಲೆಗಳ ಸಹಾಯಕ ನಿರ್ದೇಶಕರು ತಾಲ್ಲೂಕು ಮಟ್ಟದ ಅಧಿಕಾರಿ, ಅನೇಕ ಕಡೆ ಅವರ ಕಚೇರಿ ತಾಲ್ಲೂಕು ಆಡಳಿತ ಸೌಧದಲ್ಲಿಯೇ ಇರುತ್ತದೆ. ಆದರೂ ಅವರ ಗೆರೆ ಹೋಗುವುದು ಜಿಲ್ಲಾ ಮಟ್ಟದಲ್ಲಿರುವ ಭೂದಾಖಲೆಗಳ ಉಪನಿರ್ದೇಶಕರಿಗೆ. ತಹಶೀಲ್ದಾರರೂ ಅವರೂ ಒಂದೇ ಹಂತದವರು, ಆದರೆ ಬೇರೆ ಬೇರೆ ಅಧೀನತೆಯ ಸಾಲಿನವರು. ಹಂತ ಒಂದಾದ ಮಾತ್ರಕ್ಕೆ ಸಾಲು ಒಂದಾಗುವುದಿಲ್ಲ ಎಂಬ ಈ ಒಂದು ಮಾತನ್ನು ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ, ಮುಂದಿನ ಕರಡಿನಲ್ಲಿ ಮತ್ತೆ ‘ಅದರ ಕೆಳಗೆ’ ಎಂದೇ ಬರುತ್ತದೆ.

ಇದರಿಂದ ಆಗುವ ತೊಂದರೆ ಸಣ್ಣದಲ್ಲ. ನನಗೆ ಪರಿಚಯದ, ಕಣ್ಣು ಕಾಣದ ಹಿರಿಯರೊಬ್ಬರು ತಮ್ಮ ಜಮೀನನ್ನು ಅಳೆದು ಭಾಗ ಮಾಡುವ ಪೋಡಿ ಕೆಲಸ ತಡವಾಗುತ್ತಿದೆಯೆಂದು ದೂರು ಬರೆಸಬೇಕಿತ್ತು. ಇಂಥದ್ದೇ ಒಂದು ವಿವರಣೆಯನ್ನು ಕೇಳಿಸಿಕೊಂಡು, ಭೂಮಾಪಕರ ಮೇಲಧಿಕಾರಿ ತಹಶೀಲ್ದಾರರೆಂದು ತಿಳಿದು, ಅವರ ಹೆಸರಿಗೆ ಅರ್ಜಿ ಕೊಟ್ಟರು. ಆ ಅರ್ಜಿ ‘ಸಂಬಂಧಪಟ್ಟ ಶಾಖೆಗೆ’ ಎಂಬ ಷರಾದೊಂದಿಗೆ ಸುತ್ತಾಡಿತು. ಅವರು ನನ್ನನ್ನು ಕೇಳಿದ್ದು ಇಷ್ಟೇ: ‘ನೋಡುವವರಿಗೆ ಆ ಗೆರೆ ಕಾಣುತ್ತದೆ ಅಂತೀರಲ್ಲ, ನಮಗೆ ಅದನ್ನು ಒಂದು ಮಾತಿನಲ್ಲಿ ಹೇಳೋದಕ್ಕೆ ಏನಾಗಿತ್ತು?’ ಆ ಪ್ರಶ್ನೆಗೆ ನನ್ನಲ್ಲಿ ಸಮಾಧಾನದ ಉತ್ತರವಿರಲಿಲ್ಲ.

ತಿದ್ದಿದ ವಿವರಣೆಯನ್ನು ಇಲ್ಲಿ ಕೊಡುತ್ತೇನೆ. ‘ಈ ಚಾರ್ಟ್‌ನಲ್ಲಿ ಐದು ಹಂತಗಳಿವೆ: ಜಿಲ್ಲೆ, ಉಪವಿಭಾಗ, ತಾಲ್ಲೂಕು, ಹೋಬಳಿ, ಗ್ರಾಮ ವೃತ್ತ. ಜಿಲ್ಲಾಧಿಕಾರಿಯವರ ನೇರ ಅಧೀನದಲ್ಲಿ ಅಪರ ಜಿಲ್ಲಾಧಿಕಾರಿ, ಇಬ್ಬರು ಉಪವಿಭಾಗಾಧಿಕಾರಿಗಳು ಮತ್ತು ಭೂದಾಖಲೆಗಳ ಉಪನಿರ್ದೇಶಕರು ಇದ್ದಾರೆ. ಉಪವಿಭಾಗಾಧಿಕಾರಿಗಳು ಅಪರ ಜಿಲ್ಲಾಧಿಕಾರಿಯ ಅಧೀನದಲ್ಲಿಲ್ಲ. ಮೊದಲನೆಯ ಉಪವಿಭಾಗಾಧಿಕಾರಿಯ ಅಧೀನದಲ್ಲಿ ನಾಲ್ವರು ತಹಶೀಲ್ದಾರರು, ಎರಡನೆಯವರ ಅಧೀನದಲ್ಲಿ ಮೂವರು ತಹಶೀಲ್ದಾರರು ಇದ್ದಾರೆ. ಪ್ರತಿ ತಹಶೀಲ್ದಾರರ ಅಧೀನದಲ್ಲಿ ಹೋಬಳಿಗೊಬ್ಬರಂತೆ ಕಂದಾಯ ನಿರೀಕ್ಷಕರು, ಪ್ರತಿ ಕಂದಾಯ ನಿರೀಕ್ಷಕರ ಅಧೀನದಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಇದ್ದಾರೆ. ಭೂದಾಖಲೆಗಳ ಉಪನಿರ್ದೇಶಕರ ಅಧೀನದಲ್ಲಿ ತಾಲ್ಲೂಕಿಗೊಬ್ಬರಂತೆ ಏಳು ಮಂದಿ ಸಹಾಯಕ ನಿರ್ದೇಶಕರು, ಪ್ರತಿ ಸಹಾಯಕ ನಿರ್ದೇಶಕರ ಅಧೀನದಲ್ಲಿ ಭೂಮಾಪಕರು ಇದ್ದಾರೆ. ಸಹಾಯಕ ನಿರ್ದೇಶಕರಿಗೂ ತಹಶೀಲ್ದಾರರಿಗೂ ನಡುವೆ ಗೆರೆ ಇಲ್ಲ.’

ಮೊದಲು ಹಂತಗಳ ಸಂಖ್ಯೆ ಮತ್ತು ಹೆಸರು ಬಂದಿದೆ, ಏಕೆಂದರೆ ಕೇಳುವವರಿಗೆ ಎಷ್ಟು ಆಳಕ್ಕೆ ಇಳಿಯಬೇಕೆಂಬುದು ಮುಂಚೆಯೇ ತಿಳಿದಿರಬೇಕು. ಆಮೇಲೆ ಒಂದು ಸಾಲನ್ನು ತುದಿಯವರೆಗೆ ಮುಗಿಸಿ ಇನ್ನೊಂದನ್ನು ಹಿಡಿಯಲಾಗಿದೆ. ಪ್ರತಿ ವಾಕ್ಯದಲ್ಲೂ ಮೇಲಧಿಕಾರಿಯ ಹುದ್ದೆಯನ್ನು ಮತ್ತೆ ಹೆಸರಿಸಿರುವುದು ಕೆಲವರಿಗೆ ಪುನರುಕ್ತಿಯಂತೆ ತೋರುತ್ತದೆ; ಅದನ್ನು ದಯವಿಟ್ಟು ತೆಗೆಯಬೇಡಿ. ಒಳಸರಿಸಿದ ಪಟ್ಟಿಯಾಗಿ ಬರೆದರೆ ಸ್ಕ್ರೀನ್ ರೀಡರ್ ಹಂತವನ್ನು ತಾನೇ ಹೇಳುತ್ತದೆ ಎಂಬುದು ನಿಜ, ಆದರೆ ಅದೇ ಪಠ್ಯವನ್ನು ವಾಟ್ಸಾಪ್‌ಗೆ ನಕಲಿಸಿದ ಕೂಡಲೇ ಆ ಒಳಸರಿತ ಅಳಿಸಿಹೋಗಬಹುದು. ವಾಕ್ಯದೊಳಗಿನ ‘ಅಧೀನದಲ್ಲಿ’ ಎಲ್ಲಿಗೆ ಹೋದರೂ ಉಳಿಯುತ್ತದೆ. ಇಷ್ಟುದ್ದದ ವಿವರಣೆಯನ್ನು, ಚಿತ್ರದ ಬದಲಿಗೆ ಸ್ಕ್ರೀನ್ ರೀಡರ್ ಓದುವ `alt` ಪಠ್ಯದೊಳಗೆ ತುಂಬುವುದೂ ಸಲ್ಲದು, ಏಕೆಂದರೆ ಅಲ್ಲಿ ಪ್ಯಾರಾ, ಪಟ್ಟಿ ಯಾವುದೂ ಉಳಿಯದೆ ಎಲ್ಲವೂ ಒಂದೇ ಉಸಿರಿನಲ್ಲಿ ಓದಿಹೋಗುತ್ತದೆ. ಅಲ್ಲಿ ‘ಜಿಲ್ಲಾ ಕಂದಾಯ ಆಡಳಿತದ ಚಾರ್ಟ್, ವಿವರಣೆ ಕೆಳಗಿದೆ’ ಎಂದಷ್ಟೇ ಬರೆದು, ಪೂರ್ಣ ವಿವರಣೆಯನ್ನು ಚಿತ್ರದ ಕೆಳಗೆ ಎಲ್ಲರಿಗೂ ಕಾಣುವಂತೆ ಇಡುವುದು ಒಳ್ಳೆಯದು.

ಹುದ್ದೆಯ ಹೆಸರನ್ನು ಪೂರ್ತಿ ಬರೆಯಬೇಕು. ಜಿಲ್ಲಾಧಿಕಾರಿ, ಅಪರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಎನ್ನುವ ಬದಲು ಬಳಸುವ ಡಿಸಿ, ಎಡಿಸಿ, ಎಸಿ ಎಂಬವು ಕಿವಿಗೆ ಬಿದ್ದಾಗ ಬೇಗ ಕಲಸಿಹೋಗುತ್ತವೆ. ಹಳೆಯ ಚಾರ್ಟ್‌ನಲ್ಲಿ ‘ಗ್ರಾಮ ಲೆಕ್ಕಾಧಿಕಾರಿ’ ಎಂದಿದ್ದರೆ ಹಾಗೆಯೇ ಬರೆದು, ‘ಈಗಿನ ಹೆಸರು ಗ್ರಾಮ ಆಡಳಿತ ಅಧಿಕಾರಿ’ ಎಂದು ಸೇರಿಸಿ. ವ್ಯಕ್ತಿಗಳ ಹೆಸರು ಬೇಡ, ಮುಂದಿನ ವರ್ಗಾವಣೆಗೆ ಅದು ತಪ್ಪಾಗುತ್ತದೆ. ಹುದ್ದೆ ಖಾಲಿಯಿದ್ದು ಇನ್ನೊಬ್ಬರು ಹೆಚ್ಚುವರಿ ಪ್ರಭಾರದಲ್ಲಿದ್ದರೂ ಚೌಕವೂ ಗೆರೆಯೂ ಇದ್ದಲ್ಲಿಯೇ ಇರುತ್ತವೆ.

ಚಿತ್ರವೇ ಕಳೆದುಹೋಗಿದ್ದರೆ ಹೆಚ್ಚಿನ ಎಚ್ಚರ ಬೇಕು. ಆಗ ಅನೇಕರು ಅಧಿಕಾರಿಗಳ ದೂರವಾಣಿ ಪಟ್ಟಿಯನ್ನೋ ವೇತನದ ಪಟ್ಟಿಯನ್ನೋ ತೆಗೆದು ಅದೇ ಕ್ರಮದಲ್ಲಿ ಚಾರ್ಟನ್ನು ಮರುಸೃಷ್ಟಿಸಲು ಹೊರಡುತ್ತಾರೆ. ಆ ಪಟ್ಟಿಗಳ ಕ್ರಮ ಜ್ಯೇಷ್ಠತೆಯದ್ದೋ ವೇತನದ್ದೋ ಆಗಿರುತ್ತದೆ, ಅದರಿಂದ ಅಧೀನತೆ ಸಿಗುವುದಿಲ್ಲ. ಕಚೇರಿಗೆ ಹೋಗಿ ಪ್ರತಿ ಹುದ್ದೆಗೂ ಎರಡು ಪ್ರಶ್ನೆ ಕೇಳುವುದು ನನ್ನ ರೂಢಿ: ಇವರ ಸಾಂದರ್ಭಿಕ ರಜೆಯನ್ನು ಯಾರು ಮಂಜೂರು ಮಾಡುತ್ತಾರೆ, ಇವರ ವಾರ್ಷಿಕ ಕಾರ್ಯನಿರ್ವಹಣಾ ವರದಿಯನ್ನು ಮೊದಲು ಯಾರು ಬರೆಯುತ್ತಾರೆ. ಎರಡಕ್ಕೂ ಒಂದೇ ಹುದ್ದೆಯ ಹೆಸರು ಬಂದರೆ ಗೆರೆ ಬಹುಮಟ್ಟಿಗೆ ಅಲ್ಲಿಗೇ ಹೋಗುತ್ತದೆ. ಬೇರೆ ಬೇರೆ ಹೆಸರು ಬಂದರೆ, ಆಡಳಿತಾತ್ಮಕವಾಗಿ ಒಬ್ಬರ ಅಧೀನ, ತಾಂತ್ರಿಕವಾಗಿ ಇನ್ನೊಬ್ಬರ ಅಧೀನ ಎಂಬ ಇಬ್ಬಗೆಯ ವ್ಯವಸ್ಥೆ ಇರಬಹುದು. ಚಿತ್ರದಲ್ಲಿ ಚುಕ್ಕೆಗೆರೆಯಿಂದ ತೋರಿಸುವುದು ಸಾಮಾನ್ಯವಾಗಿ ಇದನ್ನೇ. ಪಠ್ಯದಲ್ಲಿ ‘ಚುಕ್ಕೆಗೆರೆ ಇದೆ’ ಎಂದು ಬರೆಯದೆ, ಯಾವ ವಿಷಯದಲ್ಲಿ ಯಾರ ಅಧೀನ ಎಂದು ಎರಡು ವಾಕ್ಯಗಳಲ್ಲಿ ಬಿಡಿಸಿ ಬರೆಯಬೇಕು. ಕಚೇರಿಯವರಿಂದಲೂ ಖಚಿತ ಉತ್ತರ ಸಿಗದ ಹುದ್ದೆಯ ಎದುರು ‘ಅಧೀನತೆ ದೃಢಪಟ್ಟಿಲ್ಲ’ ಎಂದು ನಮೂದಿಸಿ, ಮಾಹಿತಿ ಪಡೆದ ದಿನಾಂಕವನ್ನು ವಿವರಣೆಯ ಕೊನೆಗೆ ಬರೆಯುತ್ತೇನೆ.